ಮೈನಸ್ 0.90 ಮತ್ತು ನನ್ನ ರೂಮ್‌ಮೇಟ್

ಮೊದಲೇ ಹೇಳಿಬಿಡ್ತೇನೆ, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ. ಕನ್ನಡ ಸಂಘದ ಪತ್ರಿಕೆಗೆ ಬರೀತೇನೆ ಅಂದಾಗ ಅಮ್ಮ ಫೋನಿನಲ್ಲಿ ಒಂದು ನಿಮಿಷ ನಕ್ಕರು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ. ಲೆಕ್ಕ ತಪ್ಪಿದ್ದರೆ ಮಾತ್ರ ಕ್ಷಮಿಸಬೇಡಿ, ಯಾಕೆಂದರೆ ಈ ಲೇಖನ ಇರುವುದೇ ತಪ್ಪು ಓದಿದ ಒಂದು ಲೆಕ್ಕದ ಬಗ್ಗೆ. ಓದಿದವನು ನಾನೇ.

ವಿಷಯ ಶುರುವಾದದ್ದು ಹಾಸ್ಟೆಲ್‌ನಲ್ಲಿ. ನಿಟ್ಟೆಯ ಮಳೆ ನಿಮಗೆ ಗೊತ್ತುಂಟಲ್ಲ, ಸಂಜೆ ನಾಲ್ಕಕ್ಕೆ ಹಿಡಿದರೆ ಕಾರ್ಕಳಕ್ಕೆ ಹೋಗುವ ಪ್ಲಾನ್ ಎಲ್ಲ ಕ್ಯಾನ್ಸಲ್. ಅಂಥ ಒಂದು ಸಂಜೆ ರೂಮಿನಲ್ಲಿ ಹಳೇ ಜಗಳ ಎದ್ದಿತು: ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಸೇರಿಸುವುದು ಸರಿಯೋ ತಪ್ಪೋ? ನಮ್ಮ ಬ್ಯಾಚಿನಲ್ಲಿ ಸಿಇಟಿಯಲ್ಲಿ ಬಂದವರೂ ಇದ್ದಾರೆ, ಬೇರೆ ಪರೀಕ್ಷೆ ಬರೆದು ಬಂದವರೂ ಇದ್ದಾರೆ. ಸಿಇಟಿಯವರು ಎಂಟು ಜನ ಅಲ್ಲೇ ಕೂತಿದ್ದೆವು. ನನ್ನ ರೂಮ್‌ಮೇಟಿಗೆ ಪಿಯುಸಿಯಲ್ಲಿ ಪಿಸಿಎಂ 300ಕ್ಕೆ 294. ಸಿಇಟಿಯಲ್ಲಿ 180ಕ್ಕೆ 77. ನನಗೆ 270 ಮತ್ತು 92. ಯಾರೋ ಅವನಿಗೆ "ಬಾಯಿಪಾಠ ಗಿರಾಕಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕನೇ ಸೆಮ್ ಮ್ಯಾಥ್ಸ್‌ನಲ್ಲಿ ಆಗಷ್ಟೇ ರ‍್ಯಾಂಕ್ ಕೋರಿಲೇಷನ್ ಮುಗಿದಿತ್ತು. "ಜಗಳ ಎಂತಕ್ಕೆ ಮಾರಾಯ, ಲೆಕ್ಕ ಹಾಕುವ" ಅಂತ ನಾನು ಹಾಳೆ ತೆಗೆದೆ.

ಸ್ಪಿಯರ್‌ಮನ್ ರ‍್ಯಾಂಕ್ ಕೋರಿಲೇಷನ್ ಕೇಳುವ ಪ್ರಶ್ನೆ ಸಣ್ಣದು. ಒಂದೇ ಗುಂಪಿನ ಮಕ್ಕಳನ್ನು ಒಂದು ಪರೀಕ್ಷೆ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ, ಇನ್ನೊಂದು ಪರೀಕ್ಷೆ ಇನ್ನೊಂದು ಸಾಲಿನಲ್ಲಿ. ಎರಡು ಸಾಲುಗಳು ಎಷ್ಟು ಹೊಂದುತ್ತವೆ? ಅಂಕ ಎಷ್ಟು ಬಂತು ಅನ್ನುವುದು ಇದಕ್ಕೆ ಬೇಡ, ಯಾರ ಹಿಂದೆ ಯಾರು ಅನ್ನುವುದಷ್ಟೇ ಬೇಕು. ಪ್ರತಿಯೊಬ್ಬರ ಎರಡು ಸ್ಥಾನಗಳ ವ್ಯತ್ಯಾಸ d. ಅದರ ವರ್ಗಗಳನ್ನು ಕೂಡಿಸಿ ಈ ಸೂತ್ರಕ್ಕೆ ಹಾಕಿದರೆ ಮುಗಿಯಿತು:

ρ = 1 − 6Σd² / (n(n² − 1))

ಸಾಲುಗಳು ಪೂರ್ತಿ ಒಂದೇ ಆದರೆ +1, ಪೂರ್ತಿ ತಲೆಕೆಳಗಾದರೆ −1, ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಆಸುಪಾಸು. ಚಾರ್ಲ್ಸ್ ಸ್ಪಿಯರ್‌ಮನ್ ಅಂತ ಒಬ್ಬರು ಬ್ರಿಟಿಷ್ ಸೇನೆ ಬಿಟ್ಟು ಮನಃಶಾಸ್ತ್ರ ಓದಲು ಹೋದವರು, 1904ರಲ್ಲಿ ಇದರ ಬಗ್ಗೆ ಬರೆದರು. ಅದೇ ವರ್ಷ ಅವರು ನೋಡಿದ್ದು ಶಾಲಾ ಮಕ್ಕಳ ಸ್ಥಾನಗಳನ್ನೇ: ಒಂದು ವಿಷಯದಲ್ಲಿ ಮುಂದಿರುವವರು ಇನ್ನೊಂದರಲ್ಲೂ ಮುಂದಿರುತ್ತಾರಾ ಅಂತ. ಅಂದರೆ ಈ ವಿಷಯ ಹುಟ್ಟಿದ್ದೇ ನಮ್ಮ ರೂಮಿನ ಜಗಳದಂಥ ಜಗಳದಿಂದ.

ನಮ್ಮ ಎಂಟು ಜನರ ಪಟ್ಟಿ ಇದು. ಹೆಸರು ಬೇಡ, ಅಕ್ಷರ ಸಾಕು. "ಅ" ನನ್ನ ರೂಮ್‌ಮೇಟ್, "ಎ" ನಾನು.

| | ಪಿಯುಸಿ (300) | ಸಿಇಟಿ (180) | ಪಿಯುಸಿ ಸ್ಥಾನ | ಸಿಇಟಿ ಸ್ಥಾನ | d | d² |
|---|---|---|---|---|---|---|
| ಅ | 294 | 77 | 1 | 8 | −7 | 49 |
| ಆ | 291 | 80 | 2 | 6 | −4 | 16 |
| ಇ | 288 | 84 | 3 | 5 | −2 | 4 |
| ಈ | 285 | 79 | 4 | 7 | −3 | 9 |
| ಉ | 282 | 87 | 5 | 3 | 2 | 4 |
| ಊ | 276 | 86 | 6 | 4 | 2 | 4 |
| ಎ | 270 | 92 | 7 | 2 | 5 | 25 |
| ಏ | 261 | 95 | 8 | 1 | 7 | 49 |

d² ಗಳ ಮೊತ್ತ 160. ಆರರಿಂದ ಗುಣಿಸಿದರೆ 960. n(n² − 1) ಅಂದರೆ 8 × 63 = 504. 960 ಅನ್ನು 504ರಿಂದ ಭಾಗಿಸಿದರೆ 1.905. ಒಂದರಿಂದ ಕಳೆದರೆ −0.905.

ಮೈನಸ್ 0.90! ರೂಮಿನಲ್ಲಿ ಶಿಳ್ಳೆ ಬಿತ್ತು. ಪಿಯುಸಿಯಲ್ಲಿ ಯಾರು ಮುಂದೋ ಅವರು ಸಿಇಟಿಯಲ್ಲಿ ಹಿಂದೆ, ಬಹುತೇಕ ತಲೆಕೆಳಗು. ಒಬ್ಬ ಕೇಳಿದ, "ಎಂಟೇ ಜನ ಅಲ್ವಾ, ಲಕ್ ಇರಬಹುದು." ನಾನು p-ವ್ಯಾಲ್ಯೂ ಕೂಡ ತೆಗೆದೆ, 0.002ರ ಹತ್ತಿರ ಬಂತು. ಅಂದರೆ ಬರೀ ಅದೃಷ್ಟದಿಂದ ಇಷ್ಟು ತಲೆಕೆಳಗಾಗುವುದು ಸಾವಿರದಲ್ಲಿ ಎರಡು ಸಲ. "ಸೈಂಟಿಫಿಕ್ ಪ್ರೂಫ್" ಅಂತ ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಸಂಘದ ಚರ್ಚಾ ಸ್ಪರ್ಧೆಯಲ್ಲಿ "ಪಿಯುಸಿ ಅಂಕ ಬೇಡ" ಅನ್ನುವ ತಂಡ ಇದನ್ನೇ ಹೇಳುವುದು ಅಂತ ತೀರ್ಮಾನವೂ ಆಯಿತು. ನನ್ನ ರೂಮ್‌ಮೇಟ್ ಏನೂ ಹೇಳಲಿಲ್ಲ. ಊಟಕ್ಕೂ ನಮ್ಮ ಜೊತೆ ಬರಲಿಲ್ಲ.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಶ್ಚಾತ್ತಾಪ ಅಂತ ದೊಡ್ಡ ಮಾತು ಬೇಡ. ಒಂದು ವಿಷಯ ಮಂಡೆಯಲ್ಲಿ ಕೊರೀತಾ ಇತ್ತು. ನಾನು ಓದಿದ ಪಿಯು ಕಾಲೇಜಿನಲ್ಲಿ ಪಿಯುಸಿಯಲ್ಲಿ ಮೇಲೆ ಇದ್ದವರೇ ಸಿಇಟಿಯಲ್ಲೂ ಮೇಲೆ ಇದ್ದರು. 295 ತೆಗೆದವಳು ಸಿಇಟಿಯಲ್ಲೂ ಕ್ಲಾಸಿಗೆ ಫಸ್ಟ್. ಕೊನೇ ಬೆಂಚಿನ ನಾವೆಲ್ಲ ಎರಡರಲ್ಲೂ ಸುಮಾರು. ಅಲ್ಲಿ ತಲೆಕೆಳಗು ಎಲ್ಲಿತ್ತು? ನಿಟ್ಟೆಗೆ ಬಂದ ತಕ್ಷಣ ಲೆಕ್ಕ ಯಾಕೆ ಉಲ್ಟಾ ಆಗಬೇಕು?

ಮರುದಿನ ಹಳೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಈ ಸಲ ಯಾರನ್ನು ಕೇಳುವುದು ಅಂತ ಸ್ವಲ್ಪ ಯೋಚನೆ ಮಾಡಿದೆ: ರೋಲ್ ನಂಬರ್ 1ರಿಂದ 10. ನಮ್ಮಲ್ಲಿ ರೋಲ್ ನಂಬರ್ ಹೆಸರಿನ ಅಕ್ಷರದ ಪ್ರಕಾರ, ಅಂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಹತ್ತೂ ಜನ ಎರಡೂ ಪರೀಕ್ಷೆ ಬರೆದವರು. ಈಗ ಒಬ್ಬಳು ದೊಡ್ಡ ಕಾಲೇಜಿನಲ್ಲಿ ಇದ್ದಾಳೆ, ಇಬ್ಬರು ಬಿಎಸ್ಸಿ, ಒಬ್ಬ ಅಪ್ಪನ ಅಂಗಡಿಯಲ್ಲಿ. ಎಲ್ಲರೂ ಬೈಯದೆ ಅಂಕ ಕೊಟ್ಟರು. ಕೈಯಲ್ಲಿ ಮಾಡಲು ಉದಾಸೀನ ಆಗಿ ಪೈಥಾನ್‌ಗೆ ಹಾಕಿದೆ:

```python
from scipy.stats import spearmanr
puc = [295, 291, 288, 282, 282, 270, 255, 240, 219, 186]
cet = [128, 84, 112, 91, 76, 95, 58, 66, 47, 41]
print(spearmanr(puc, cet).statistic)
```

ಬಂದದ್ದು 0.857. ಪ್ಲಸ್!

(ಇಲ್ಲಿ ಇಬ್ಬರಿಗೆ 282 ಇದೆ. 4 ಮತ್ತು 5ನೇ ಸ್ಥಾನ ಇಬ್ಬರ ನಡುವೆ ಹಂಚಿ ಇಬ್ಬರಿಗೂ 4.5 ಕೊಡಬೇಕು. ಸಮ ಅಂಕ ಇದ್ದಾಗ ಮೇಲಿನ ಸೂತ್ರ ಸ್ವಲ್ಪ ತಪ್ಪುತ್ತದೆ. ಕೈಯಲ್ಲಿ ಮಾಡಿದರೆ Σd² = 23.5, ಉತ್ತರ 0.858. scipy ಸ್ಥಾನಗಳ ಮೇಲೆ ನೇರವಾಗಿ ಪಿಯರ್‌ಸನ್ ಲೆಕ್ಕ ಮಾಡುವುದರಿಂದ 0.857. ಒಂದು ಜೋಡಿಗೆ ಇಷ್ಟೇ ವ್ಯತ್ಯಾಸ. ಆದರೆ 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾಗಿ ಫಲಿತಾಂಶ ಬಂದಾಗ 2,239 ಜನರಿಗೆ 600ಕ್ಕೆ 600. ಎಲ್ಲರೂ ಒಂದನೇ ಸ್ಥಾನ ಅಂದುಕೊಳ್ಳಬಹುದು, ಸ್ಪಿಯರ್‌ಮನ್ ಪ್ರಕಾರ ಪ್ರತಿಯೊಬ್ಬರ ಸ್ಥಾನ 1120. ಆ ಪಟ್ಟಿಗೆ ಶಾರ್ಟ್‌ಕಟ್ ಸೂತ್ರ ಹಾಕಬೇಡಿ.)

ಹಾಗಾದರೆ ಎರಡರಲ್ಲಿ ಯಾವುದು ಸತ್ಯ, −0.90 ಅಥವಾ 0.857? ಎರಡೂ ಲೆಕ್ಕ ಸರಿಯೇ. ಎಂಟು ಜನರ ಪಟ್ಟಿಯನ್ನು ಮತ್ತೆ ನೋಡಿ, ಈ ಸಲ ಒಂದು ಕಾಲಂ ಜಾಸ್ತಿ ಹಾಕಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಪಿಸಿಎಂ ಶೇಕಡಾದ ಅರ್ಧ, ಸಿಇಟಿ ಶೇಕಡಾದ ಅರ್ಧ ಕೂಡಿಸುತ್ತಾರಲ್ಲ, ಆ ಮೊತ್ತ. ನನ್ನ ರೂಮ್‌ಮೇಟಿಗೆ 98 ಮತ್ತು 42.8, ಅರ್ಧರ್ಧ ಕೂಡಿಸಿದರೆ 70.4. ನನಗೆ 90 ಮತ್ತು 51.1, ಕೂಡಿಸಿದರೆ 70.6. ಉಳಿದವರದ್ದೂ ಹಾಕಿ ನೋಡಿ. ಎಲ್ಲಕ್ಕಿಂತ ಕಡಿಮೆ 69.4, ಎಲ್ಲಕ್ಕಿಂತ ಜಾಸ್ತಿ 71.3. ಎಂಟೂ ಜನ ಎರಡು ಅಂಕದ ಒಳಗೆ!

ಇದು ಕಾಕತಾಳೀಯ ಅಲ್ಲ. ಸೀಟು ಕೊಟ್ಟದ್ದೇ ಆ ಮೊತ್ತ ನೋಡಿ. ಇದಕ್ಕಿಂತ ತುಂಬ ಮೇಲೆ ಇದ್ದವರು ಬೇರೆ ಕಾಲೇಜಿಗೆ ಹೋದರು, ತುಂಬ ಕೆಳಗಿದ್ದವರಿಗೆ ಇಲ್ಲಿ ಸಿಗಲಿಲ್ಲ. ಜರಡಿ ಹಿಡಿದ ಮೇಲೆ ಉಳಿದವರಷ್ಟೇ ನಮ್ಮ ರೂಮಿನಲ್ಲಿ ಕೂತಿದ್ದರು. ಎರಡು ಸಂಖ್ಯೆಗಳ ಮೊತ್ತ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಆದರೆ ಏನಾಗುತ್ತದೆ? ಒಂದು ಏರಿದವನಿಗೆ ಇನ್ನೊಂದು ಇಳಿಯಲೇಬೇಕು. ಪಿಯುಸಿಯಲ್ಲಿ 3 ಅಂಕ ಜಾಸ್ತಿ ಅಂದರೆ ಶೇಕಡಾ 1 ಜಾಸ್ತಿ. ಮೊತ್ತ ಅಲ್ಲೇ ಇರಬೇಕಾದರೆ ಸಿಇಟಿಯಲ್ಲಿ ಶೇಕಡಾ 1, ಅಂದರೆ 1.8 ಅಂಕ ಕಡಿಮೆ ಇರಬೇಕು. ನನ್ನ ರೂಮ್‌ಮೇಟ್ ಸಿಇಟಿಯಲ್ಲೂ 110 ತೆಗೆದಿದ್ದರೆ ಅವನು ನನ್ನ ರೂಮ್‌ಮೇಟೇ ಆಗುತ್ತಿರಲಿಲ್ಲ. ನಾನು ಪಿಯುಸಿಯಲ್ಲೂ 294 ತೆಗೆದಿದ್ದರೆ ನಾನೂ ಇಲ್ಲಿ ಇರುತ್ತಿರಲಿಲ್ಲ, ಅಥವಾ ಬೇರೆ ಬ್ರಾಂಚಿನಲ್ಲಿ ಇರುತ್ತಿದ್ದೆ.

ನಂಬಿಕೆ ಬರದಿದ್ದರೆ ನನ್ನ ಹಳೇ ಕ್ಲಾಸಿನ ಹತ್ತು ಜನರಲ್ಲೇ ನೋಡಬಹುದು. ಮೊತ್ತ 71ರಿಂದ 73ರ ನಡುವೆ ಬರುವವರು ಮೂರು ಜನ: 291 ಮತ್ತು 84 (ಮೊತ್ತ 71.8), 282 ಮತ್ತು 91 (72.3), 270 ಮತ್ತು 95 (71.4). ಪಿಯುಸಿ ಸಾಲು 291, 282, 270. ಅವರದ್ದೇ ಸಿಇಟಿ ಸಾಲು 84, 91, 95. ಪೂರ್ತಿ ತಲೆಕೆಳಗು, ρ = −1. ಇನ್ನೂ ಕೆಳಗೆ 58ರ ಹತ್ತಿರ ಇಬ್ಬರು ಇದ್ದಾರೆ: 255ಕ್ಕೆ 58, 240ಕ್ಕೆ 66. ಅವರೂ ತಲೆಕೆಳಗು. ಇಡೀ ಹತ್ತು ಜನರಲ್ಲಿ 0.857, ಅದೇ ಜನರನ್ನು ಮೊತ್ತದ ಪ್ರಕಾರ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಒಳಗೆಲ್ಲ ಮೈನಸ್. ಪರೀಕ್ಷೆಯೂ ಬದಲಾಗಲಿಲ್ಲ, ಮಕ್ಕಳೂ ಬದಲಾಗಲಿಲ್ಲ, ಯಾರನ್ನು ಕೂರಿಸಿ ಕೇಳಿದೆವು ಅನ್ನುವುದು ಬದಲಾಯಿತು.

ಇದನ್ನು ಆಮೇಲೆ ಹುಡುಕಿದಾಗ ಗೊತ್ತಾಯಿತು, ನನಗಿಂತ ಮೊದಲೇ ಡಾಕ್ಟರುಗಳಿಗೆ ಹೀಗೇ ಆಗಿದೆ. ಆಸ್ಪತ್ರೆಗೆ ದಾಖಲಾದವರನ್ನು ಮಾತ್ರ ನೋಡಿದರೆ ಎರಡು ಕಾಯಿಲೆಗಳ ನಡುವೆ ಇಲ್ಲದ ಸಂಬಂಧ ಕಾಣಿಸುತ್ತದೆ ಅಂತ ಜೋಸೆಫ್ ಬರ್ಕ್‌ಸನ್ 1946ರಲ್ಲಿ ತೋರಿಸಿದರು. ಅಲ್ಲಿ ಜರಡಿ ಆಸ್ಪತ್ರೆಯ ಬಾಗಿಲು, ಇಲ್ಲಿ ಸೀಟ್ ಅಲಾಟ್‌ಮೆಂಟ್. ನನ್ನ p-ವ್ಯಾಲ್ಯೂ ಕೂಡ ಸುಳ್ಳು ಹೇಳಲಿಲ್ಲ. "ಇದು ಅದೃಷ್ಟ ಅಲ್ಲ" ಅಂತ ಅದು ಹೇಳಿತು, ಸರಿಯೇ. ಯಾಕೆ ಹೀಗಾಯಿತು ಅಂತ ಅದನ್ನು ಕೇಳಲು ಬರುವುದಿಲ್ಲ. ಎಂಟರ ಬದಲು ಎಂಟುನೂರು ಜನರನ್ನು ಹೀಗೇ ಒಂದೇ ಮೊತ್ತದವರನ್ನು ಆರಿಸಿ ಕೇಳಿದ್ದರೂ ಮೈನಸ್ಸೇ ಬರುತ್ತಿತ್ತು, p ಇನ್ನೂ ಸಣ್ಣದಾಗುತ್ತಿತ್ತು, ನಮ್ಮ ಧೈರ್ಯ ಇನ್ನೂ ಜಾಸ್ತಿ ಆಗುತ್ತಿತ್ತು.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪನ್ನು ಗ್ರೂಪಿನಲ್ಲಿ ಒಬ್ಬ ಮಾಡಿದ. ಸಿಇಟಿ ಅಂಕ ನೆನಪಿಲ್ಲ ಅಂತ ಕೆಇಎ ಕೊಟ್ಟ ಎಂಜಿನಿಯರಿಂಗ್ ರ‍್ಯಾಂಕನ್ನೇ ಹಾಕಿ ಪಿಯುಸಿ ಜೊತೆ ಹೋಲಿಸಿದ. ಆ ರ‍್ಯಾಂಕಿನಲ್ಲೇ ಅರ್ಧ ಪಿಯುಸಿ ಇದೆಯಲ್ಲ ಮಾರಾಯ! ಹಾಲು ಹಾಕಿದ ಚಹಾಕ್ಕೂ ಹಾಲಿಗೂ ಹೋಲಿಕೆ ಇದೆಯಾ ಅಂತ ಕೇಳಿದ ಹಾಗೆ. ಮೇಲಿಂದ ಅಂಕದಲ್ಲಿ ದೊಡ್ಡದು ಒಳ್ಳೆಯದು, ರ‍್ಯಾಂಕಿನಲ್ಲಿ ಸಣ್ಣದು ಒಳ್ಳೆಯದು. ತಿರುಗಿಸದೆ ಹಾಕಿದರೆ ಒಳ್ಳೆ ಹೊಂದಿಕೆಯೂ ಮೈನಸ್ ಆಗಿ ಕಾಣುತ್ತದೆ. ಹೋಲಿಸಬೇಕಾದದ್ದು ಸಿಇಟಿಯ 180ಕ್ಕೆ ಬಂದ ಅಂಕವನ್ನು, ರ‍್ಯಾಂಕನ್ನಲ್ಲ.

ಈಗ ನನ್ನ 0.857ನ್ನೂ ಹೊಗಳಲು ನಾನು ಬಂದಿಲ್ಲ. ಹತ್ತೇ ಜನ, ಅದೂ ಒಂದೇ ಕಾಲೇಜಿನವರು. ರಾಜ್ಯಕ್ಕೆಲ್ಲ ಇಷ್ಟೇ ಅಂತ ಹೇಳಿದರೆ ಅದೂ ಇನ್ನೊಂದು ಫೋಟೋ ಕಥೆ ಆಗುತ್ತದೆ. ಪಟ್ಟಿಯ ಕೊನೆಯಲ್ಲಿ ಇರುವ 47 ಮತ್ತು 41 ನೋಡಿ. ಸಿಇಟಿಯಲ್ಲಿ ಪ್ರಶ್ನೆಗೆ ನಾಲ್ಕು ಆಯ್ಕೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಏನೂ ಓದದೆ ಕಣ್ಣು ಮುಚ್ಚಿ 180ಕ್ಕೂ ಗುರುತು ಹಾಕಿದರೆ ಸರಾಸರಿ 45 ಬರುತ್ತದೆ, ಆಚೀಚೆ ಸುಮಾರು 6. ಅಂದರೆ ಆ ಇಬ್ಬರಲ್ಲಿ ಯಾರು ಮುಂದೆ ಅನ್ನುವುದನ್ನು ಸಿಇಟಿ ಹೇಳಿಲ್ಲ, ಪೆನ್ನು ಬಿದ್ದ ಕಡೆ ಹೇಳಿದೆ. ಸ್ಪಿಯರ್‌ಮನ್‌ಗೆ ಇದು ಕಾಣುವುದಿಲ್ಲ. ಅದಕ್ಕೆ 128 ಮತ್ತು 112ರ ನಡುವಿನ ಮೆಟ್ಟಿಲೂ ಒಂದು, 47 ಮತ್ತು 41ರ ನಡುವಿನದ್ದೂ ಒಂದು.

0.857 ಅಂದ ಕೂಡಲೇ "ಎರಡು ಪರೀಕ್ಷೆಯೂ ಒಂದೇ, ಒಂದು ಸಾಕು" ಅನ್ನುವವರೂ ಬಂದರು. 291 ತೆಗೆದ ನನ್ನ ಗೆಳತಿಯನ್ನು ಕೇಳಿ. ಪಿಯುಸಿಯಲ್ಲಿ 2ನೇ ಸ್ಥಾನ, ಸಿಇಟಿಯಲ್ಲಿ 5ನೇ. 270 ತೆಗೆದವನು 6ರಿಂದ 3ಕ್ಕೆ ಏರಿದ. ಒಂದು ಪರೀಕ್ಷೆ ಮಾತ್ರ ಇದ್ದಿದ್ದರೆ ಇಬ್ಬರ ಕಾಲೇಜೂ ಬೇರೆ ಆಗುತ್ತಿತ್ತು. ρ ಇಡೀ ಸಾಲಿನ ಬಗ್ಗೆ ಒಂದು ಸಂಖ್ಯೆ ಹೇಳುತ್ತದೆ. ಸೀಟು ಹೋಗುವುದು ಸಾಲಿನಲ್ಲಿ ನಿಂತ ಒಬ್ಬೊಬ್ಬರದ್ದು. ಅದಕ್ಕೇ ನನಗೆ ಈಗ ಕೊನೆಯ ಉತ್ತರಕ್ಕಿಂತ d ಕಾಲಂ ಓದುವುದೇ ಇಷ್ಟ.

ಇಷ್ಟರ ಮೇಲೆ ಸ್ಪಿಯರ್‌ಮನ್‌ಗೆ ಪೂರ್ತಿ ಕುರುಡಾದ ಒಂದು ಜಾಗ ಇದೆ. ಅದು ನಮ್ಮ ರಾಜ್ಯದಲ್ಲೇ ಹೈಕೋರ್ಟ್‌ವರೆಗೆ ಹೋದ ಕಥೆ. ನಮ್ಮ ಸೀನಿಯರ್‌ಗಳ ಸೀನಿಯರ್‌ಗಳಿಗೆ ನೆನಪಿರಬಹುದು.

2021ರ ಬ್ಯಾಚಿಗೆ ದ್ವಿತೀಯ ಪಿಯುಸಿ ಪರೀಕ್ಷೆಯೇ ಆಗಲಿಲ್ಲ. ಎಸ್ಸೆಸ್ಸೆಲ್ಸಿ ಅಂಕದಿಂದ ಶೇಕಡಾ 45, ಪ್ರಥಮ ಪಿಯುಸಿಯಿಂದ 45, ಕಾಲೇಜಿನ ಆಂತರಿಕ ಮೌಲ್ಯಮಾಪನದಿಂದ 10, ಹೀಗೆ ಸೇರಿಸಿ ಅಂಕ ಕೊಟ್ಟರು. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಸೇರಿಸಲೇ ಇಲ್ಲ, ಬರೀ ಸಿಇಟಿ. 2022ರಲ್ಲಿ ಪಿಯುಸಿ ಪರೀಕ್ಷೆ ನಡೆಯಿತು, 50:50 ವಾಪಸ್ ಬಂತು. ಆದರೆ 2021ರಲ್ಲಿ ಪಾಸಾಗಿ 2022ರಲ್ಲಿ ಸಿಇಟಿ ಮತ್ತೆ ಬರೆದವರು ಸುಮಾರು 24,000 ಜನ ಇದ್ದರು. ಕೆಇಎ ಅವರ ಪಿಯುಸಿ ಅಂಕ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರ‍್ಯಾಂಕ್ ಎಲ್ಲೆಲ್ಲಿಗೋ ಹೋಯಿತು, ಅವರು ಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅವರಿಗೂ 50:50 ಮಾಡಿ ಅಂದಿತು. ಆಗ ಈ ವರ್ಷ ನಿಜವಾಗಿ ಪರೀಕ್ಷೆ ಬರೆದವರಿಗೆ ಭಯ ಶುರು. ಕೊನೆಗೆ ಅದೇ ತಿಂಗಳು ವಿಭಾಗೀಯ ಪೀಠದ ಮುಂದೆ ಒಂದು ರಾಜಿ ಸೂತ್ರ ಬಂತು: 2021ರವರ ಪಿಯುಸಿ ಅಂಕದಿಂದ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಸೇರಿಸುವುದು.

ಈಗ ಯೋಚನೆ ಮಾಡಿ. ಒಂದು ಬ್ಯಾಚಿನ ಎಲ್ಲರಿಂದಲೂ ಒಂದೇ ಅಳತೆ ಕಳೆದರೆ ಆ ಬ್ಯಾಚಿನ ಒಳಗೆ ಯಾರ ಹಿಂದೆ ಯಾರು ಅನ್ನುವುದು ಬದಲಾಗುತ್ತದಾ? ಒಂದು ಹೆಜ್ಜೆಯೂ ಇಲ್ಲ. ಪಿಸಿಎಂನಲ್ಲಿ 18 ಅಂಕ ಎಲ್ಲರಿಗೂ ಕಳೆಯಿರಿ, 6 ಬದಲು 16 ಬೇಕಾದರೂ ಕಳೆಯಿರಿ. ಆ ಬ್ಯಾಚಿನ ಪಿಯುಸಿ ಮತ್ತು ಸಿಇಟಿ ನಡುವಿನ ρ ಮೊದಲು ಎಷ್ಟಿತ್ತೋ ಅಷ್ಟೇ. ಆದರೆ ಆ ಹುಡುಗರ ಬದುಕು? 300ಕ್ಕೆ 18 ಅಂದರೆ ಶೇಕಡಾ 6, ರ‍್ಯಾಂಕ್ ಮೊತ್ತದಲ್ಲಿ 3 ಅಂಕ. ನಮ್ಮ ಎಂಟು ಜನರ ಇಡೀ ಅಗಲವೇ 2 ಅಂಕ ಅಂತ ನೋಡಿದೆವಲ್ಲ. ನಮ್ಮಿಂದ 3 ಕಳೆದಿದ್ದರೆ ಎಂಟರಲ್ಲಿ ಒಬ್ಬರೂ ಈ ಸೀಟಿನ ಹತ್ತಿರ ಇರುತ್ತಿರಲಿಲ್ಲ.

ಅಂದರೆ 2022ರ ಜಗಳದ ಪ್ರಶ್ನೆ ಕ್ರಮದ್ದೇ ಆಗಿರಲಿಲ್ಲ, ಎರಡು ಬ್ಯಾಚುಗಳ ಮಟ್ಟದ್ದು. ಪರೀಕ್ಷೆ ಬರೆಯದೆ ಬಂದ 90 ಮತ್ತು ಬರೆದು ಬಂದ 90 ಒಂದೇ ಎತ್ತರದಲ್ಲಿ ಇವೆಯಾ? ಅದಕ್ಕೆ ಸ್ಪಿಯರ್‌ಮನ್ ಹತ್ತಿರ ಉತ್ತರ ಇಲ್ಲ, ಕೇಳಲೂಬಾರದು. ಅದನ್ನು ತಿಳಿಯಲು ಎರಡೂ ಬ್ಯಾಚಿನವರು ಒಟ್ಟಿಗೆ ಬರೆದ ಒಂದು ಪರೀಕ್ಷೆ ಬೇಕು. 2022ರಲ್ಲಿ ಅದು ಇತ್ತು, ಅದೇ ಸಿಇಟಿ ಪೇಪರ್. ಸಿಇಟಿಯಲ್ಲಿ ಒಂದೇ ಅಂಕ ತೆಗೆದ ಹೊಸಬರ ಮತ್ತು ಹಳಬರ ಪಿಯುಸಿ ಅಂಕ ಪಕ್ಕಪಕ್ಕ ಇಟ್ಟರೆ ಎಷ್ಟು ಎತ್ತರದ ವ್ಯತ್ಯಾಸ ಅಂತ ಅಂದಾಜು ಸಿಗುತ್ತದೆ. ಅದರಲ್ಲೂ ಒಂದು ಗೊಂದಲ ಉಂಟು: ಹಳಬರು ಸಿಇಟಿಗೆ ಇನ್ನೊಂದು ವರ್ಷ ತಯಾರಿ ಮಾಡಿರುತ್ತಾರೆ. ಮತ್ತೆ ಬರೆಯಲು ಬಂದವರು ಅವರ ಬ್ಯಾಚಿನ ಎಲ್ಲರೂ ಅಲ್ಲ, ಸೀಟು ಸಿಗದವರೋ ಸಿಕ್ಕಿದ್ದು ಇಷ್ಟ ಆಗದವರೋ. ನೋಡಿ, ಮತ್ತೆ ಜರಡಿ.

ನನ್ನ ಅಭಿಪ್ರಾಯ ಇಷ್ಟು. ಪಿಯುಸಿ ಬೇಕೋ ಬೇಡವೋ ಅಂತ ಚರ್ಚೆ ಮಾಡುವವರು ಸೀಟು ಸಿಕ್ಕಿದವರ ಪಟ್ಟಿ ಹಿಡಿದು ಬರಬಾರದು. ನಾವು ಎಂಜಿನಿಯರಿಂಗ್ ಹುಡುಗರು ಇದನ್ನೇ ಮಾಡುತ್ತೇವೆ, ಯಾಕೆಂದರೆ ನಮ್ಮ ಸುತ್ತ ಇರುವವರು ಅವರೇ. ಎರಡೂ ಕಾಲಂ ಎಲ್ಲರದ್ದೂ ಇರುವುದು ಕೆಇಎ ಹತ್ತಿರ. ಹೆಸರು, ನಂಬರ್ ತೆಗೆದು ಪಿಯುಸಿ ಶೇಕಡಾ ಮತ್ತು ಸಿಇಟಿ ಅಂಕ ಎರಡೇ ಕಾಲಂ ಪ್ರತಿ ವರ್ಷ ಹೊರಗೆ ಹಾಕಲಿ. ಜೊತೆಗೆ ಎಷ್ಟು ಮಕ್ಕಳ ಸ್ಥಾನ ಎರಡು ಪಟ್ಟಿಯ ನಡುವೆ ಹತ್ತು ಸಾವಿರಕ್ಕಿಂತ ಜಾಸ್ತಿ ಜಿಗಿದಿದೆ ಅಂತಲೂ ಹೇಳಲಿ. ρ 0.8 ಇದ್ದರೂ ಜಿಗಿದವರು ಸಾವಿರಗಟ್ಟಲೆ ಇರಬಹುದು. 50:50 ಇರಬೇಕೋ, 25:75 ಇರಬೇಕೋ ಅಂತ ಆಮೇಲೆ ಜಗಳ ಮಾಡೋಣ. ನನಗೆ ಕೇಳಿದರೆ 50:50 ಇರಲಿ, ಒಂದು ಪರೀಕ್ಷೆಯ ದಿನ ಜ್ವರ ಬಂದವನಿಗೆ ಇನ್ನೊಂದು ಇರಲಿ. ಆದರೆ ಅದು ನನ್ನ ಮನಸ್ಸಿನ ಮಾತು, ನನ್ನ ಲೆಕ್ಕದಿಂದ ಬಂದದ್ದಲ್ಲ.

ಚರ್ಚಾ ಸ್ಪರ್ಧೆಯ ತಂಡಕ್ಕೆ ಫೋಟೋ ಡಿಲೀಟ್ ಮಾಡಿ ಅಂದೆ. "ಅಷ್ಟು ಒಳ್ಳೆ ಪಾಯಿಂಟ್, ಯಾಕೆ ಬಿಡುವುದು" ಅಂದರು. ಎದುರಿನ ತಂಡದಲ್ಲಿ ಯಾರಾದರೂ ಮೊತ್ತದ ಕಾಲಂ ಹಾಕಿ ನೋಡಿದರೆ ಏನು ಮಾಡುತ್ತೀರಿ ಅಂತ ಕೇಳಿದ ಮೇಲೆ ಬಿಟ್ಟರು.

ರೂಮ್‌ಮೇಟಿಗೆ ಹಾಳೆಯಲ್ಲಿ ಎಲ್ಲ ಬರೆದು ತೋರಿಸಿದೆ. ಸಾರಿ ಅಂತಲೂ ಹೇಳಿದೆ, ಹಾಳೆ ತೋರಿಸುವುದಕ್ಕಿಂತ ಅದೇ ಕಷ್ಟ ಆಯಿತು. ಅವನು ಮೊತ್ತದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಹೋದ. 70.4, 70.7, 71.3. ನನ್ನದರ ಹತ್ತಿರ ನಿಂತ. "ಹಾಗಾದರೆ ನಿನ್ನ 92 ನೋಡಿ ನಿನ್ನನ್ನು 'ಬೋರ್ಡ್ ಎಕ್ಸಾಂ ಬರೆಯಲು ಬಾರದವನು' ಅನ್ನಬಹುದಿತ್ತಲ್ಲ ಮಾರಾಯ, ಯಾರೂ ಅನ್ನಲಿಲ್ಲ ಯಾಕೆ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನೇ ಅವನ ಪಿಯು ಕ್ಲಾಸಿನ ಗ್ರೂಪಿಗೆ ಮೆಸೇಜ್ ಹಾಕಿದ. ರೋಲ್ ನಂಬರ್ 1ರಿಂದ 30, ಸೀಟು ಸಿಕ್ಕಿದವರು ಸಿಗದವರು ಎಲ್ಲಾ. ಇವತ್ತಿಗೆ 22 ಜನ ಅಂಕ ಕಳಿಸಿದ್ದಾರೆ. ಉಳಿದ ಎಂಟು ಜನ ಯಾಕೆ ಕಳಿಸಿಲ್ಲ ಅನ್ನುವುದು ನಮ್ಮ ರೂಮಿನ ಹೊಸ ಜಗಳ.